ಬಿಸಿ ಶಾಫ್ಟು, ಸಿದ್ಧ ವಾಕ್ಯ

“ಡಿಪ್ಲೊಮಾ ಮುಗಿಸಿ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ಯಂತ್ರದ ಬಳಿ ಕನ್ನಡ, ಮೀಟಿಂಗಿನಲ್ಲಿ ಇಂಗ್ಲಿಷ್. ಬೆರೆಸಿ ಬೆರೆಸಿ ಎರಡೂ ಸರಿಯಾಗಿ ಬಾರದವನಾಗಿದ್ದೇನೆ. ಬೆರೆಸುವುದನ್ನು ಬಿಡುವುದು ಹೇಗೆ?”

ಬಿಡಬೇಡಿ. ಬೆರೆಸಲು ನಾಚಿಕೊಂಡು ನಾನು ಪಟ್ಟ ಪಾಡನ್ನು ಕೇಳಿ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನೂ ಇದೇ ಕೆಲಸದಲ್ಲಿದ್ದೆ. 50 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟುಗಳು. ಡ್ರಾಯಿಂಗಿನಲ್ಲಿ h6 ಎಂದಿತ್ತು, ಅಂದರೆ ಅಳತೆ 49.984ರಿಂದ 50.000ರ ಒಳಗೆ ಇರಬೇಕು. ಕೆಲವು ಶಾಫ್ಟುಗಳು ಸಣ್ಣದಾಗಿವೆ ಎಂದು ಗ್ರಾಹಕರಿಂದ ದೂರು ಬಂತು. ಯಂತ್ರವನ್ನು ಅಳತೆಗೆ ಹೊಂದಿಸಿಕೊಡುವ ನಮ್ಮ ಸೆಟ್ಟರ್ ಹಿರಿಯರು, ನೋಡಿದ ಕೂಡಲೇ ಹೇಳಿದರು: “ಬಿಸಿ ಇರುವಾಗಲೇ ಮೈಕ್ರೋಮೀಟರ್ ಹಿಡಿದಿದ್ದೇವೆ ಸಾರ್. ಟೆಂಪರೇಚರ್ ಇಳಿಯಲಿ, ಆಮೇಲೆ ಆಫ್‌ಸೆಟ್ ಕೊಡೋಣ.”

ಆಫ್‌ಸೆಟ್ ಎಂದರೆ ಯಂತ್ರಕ್ಕೆ ಕೊಡುವ ಅಳತೆಯ ತಿದ್ದುಪಡಿ. ಲೆಕ್ಕ ಹಾಕಿದೆವು. ಒಂದು ಡಿಗ್ರಿ ಬಿಸಿ ಏರಿದರೆ 50 ಮಿಲಿಮೀಟರ್ ಉಕ್ಕು ಅರ್ಧ ಮೈಕ್ರಾನಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕೂಲೆಂಟ್ ಕಡಿಮೆಯಾಗಿ ಶಾಫ್ಟು 20 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಬಂದರೆ ಸುಮಾರು 11 ಮೈಕ್ರಾನ್. ಯಂತ್ರದ ಪಕ್ಕದಲ್ಲಿ 49.993 ತೋರಿಸಿದ್ದು ತಣ್ಣಗಾದ ಮೇಲೆ 49.982. ಅಳತೆ ಸರಿಯಿದೆ ಎಂದು ನಾವೇ ಪಾಸ್ ಮಾಡಿ ಕಳಿಸಿದ ಮಾಲು ದಾರಿಯಲ್ಲಿ ಸಣ್ಣದಾಗಿತ್ತು.

ಮೀಟಿಂಗಿಗೆ ಕೂತಾಗ ಇದಿಷ್ಟೂ ನನ್ನ ತಲೆಯಲ್ಲಿತ್ತು. “ತಪಾಸಣೆಯಲ್ಲಿ ಏಕೆ ಸಿಕ್ಕಲಿಲ್ಲ?” ಎಂದು ಗ್ರಾಹಕರ ಕಡೆಯವರು ಇಂಗ್ಲಿಷಿನಲ್ಲಿ ಕೇಳಿದರು. ನಾನು ವಾಕ್ಯ ಕಟ್ಟತೊಡಗಿದೆ. ಕ್ರಿಯಾಪದ ಯಾವ ಕಾಲದಲ್ಲಿರಬೇಕು ಎಂದು ಯೋಚಿಸುವಷ್ಟರಲ್ಲಿ ಎರಡನೆಯ ಪ್ರಶ್ನೆ ಬಂದುಹೋಯಿತು. ಗಾಬರಿಯಲ್ಲಿ, ಹಳೆಯ ವರದಿಗಳಲ್ಲೆಲ್ಲ ಓದಿ ಬಾಯಿಪಾಠವಾಗಿದ್ದ ಒಂದೇ ಸಿದ್ಧ ಉತ್ತರ ಹೊರಬಿತ್ತು: “ಆಪರೇಟರ್ ನೆಗ್ಲಿಜೆನ್ಸ್.”

ನನ್ನ ಇಂಗ್ಲಿಷ್ ಸಾಲದೆ ಹೀಗಾಯಿತು ಎಂದು ಬಹಳ ಕಾಲ ನಂಬಿದ್ದೆ. ಅದು ಸುಳ್ಳು. ಬಿಸಿ, ತಣ್ಣಗೆ, ಅಳತೆ, ಸಣ್ಣದು, ಈ ನಾಲ್ಕು ಮಾತು ಇಂಗ್ಲಿಷಿನಲ್ಲಿ ಯಾರಿಗೆ ಬಾರದು? ವ್ಯಾಕರಣ ಕೆಟ್ಟರೂ ಅವು ಸಾಕಾಗುತ್ತಿದ್ದವು. ಆದರೆ ಆ ಕಾರಣವನ್ನು ನಾನು ಇಂಗ್ಲಿಷಿನಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಿ ನೋಡಿರಲಿಲ್ಲ. ಪಕ್ಕದಲ್ಲೇ ಇದ್ದ ಸೆಟ್ಟರರತ್ತ ತಿರುಗಿ ಕನ್ನಡದಲ್ಲಿ ಕೇಳಲು ಮರ್ಯಾದೆ ಅಡ್ಡ ಬಂತು. ಶುದ್ಧ ವಾಕ್ಯದ ಆಸೆಗೆ ಸರಿಯಾದ ಕಾರಣವನ್ನೇ ಬಿಟ್ಟುಕೊಟ್ಟೆ.

ವರದಿಯಲ್ಲಿ “ಆಪರೇಟರಿಗೆ ತರಬೇತಿ ನೀಡಲಾಗಿದೆ” ಎಂದು ಬರೆದಾಯಿತು, ಯಂತ್ರದ ಬಳಿ ಏನೂ ಬದಲಾಗಲಿಲ್ಲ. ಮುಂದಿನ ಲಾಟೂ ವಾಪಸ್ ಬಂತು, ಅಷ್ಟನ್ನೂ ನಮ್ಮ ಖರ್ಚಿನಲ್ಲೇ ಒಂದೊಂದಾಗಿ ಅಳೆದು ಬೇರ್ಪಡಿಸಬೇಕಾಯಿತು. ಸೆಟ್ಟರರಿಗೆ ಮೆಮೊ ಹೋಯಿತು. ಆಮೇಲೆ ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದರು.

ಈಗ ಮೀಟಿಂಗಿಗೆ ಮೊದಲು ಯಂತ್ರದ ಬಳಿ ನಿಂತು ಕಾರಣವನ್ನು ನಮ್ಮ ಬೆರಕೆ ಮಾತಿನಲ್ಲಿ ಹೇಳುತ್ತೇನೆ, ನಂತರ ಅಲ್ಲೇ ಇಂಗ್ಲಿಷಿನಲ್ಲಿ, ಗಟ್ಟಿಯಾಗಿ. ಸೈಜ್, ಆಫ್‌ಸೆಟ್, ಟೆಂಪರೇಚರ್ ಎಲ್ಲ ಯಂತ್ರ ನಡೆಸುವವರ ದಿನಬಳಕೆಯ ಮಾತುಗಳೇ ಆದ್ದರಿಂದ ನಾನು ಏನಾದರೂ ಬಿಟ್ಟರೆ ಅವರೇ ಹಿಡಿಯುತ್ತಾರೆ. ಒಂದು ಸಣ್ಣ ಕೋಷ್ಟಕವನ್ನೂ ಒಯ್ಯುತ್ತೇನೆ: ಯಂತ್ರದಿಂದ ತೆಗೆದು ಎಷ್ಟು ನಿಮಿಷವಾಯಿತು, ಉಷ್ಣಾಂಶ ಎಷ್ಟು, ಅಳತೆ ಎಷ್ಟು. ಸಾಲುಗಳ ಮೇಲೆ ಬೆರಳಿಟ್ಟು ಹೇಳುವಾಗ ಉದ್ದ ವಾಕ್ಯದ ಅಗತ್ಯವೇ ಬೀಳುವುದಿಲ್ಲ. ಸಿಕ್ಕಿಹಾಕಿಕೊಂಡರೆ ಒಂದು ನಿಮಿಷ ಕೇಳಿ, ಎಲ್ಲರೆದುರೇ ಕನ್ನಡದಲ್ಲಿ ವಿಚಾರಿಸಿ, ಉತ್ತರ ಕೊಡುತ್ತೇನೆ.

ಇನ್ನು ಕನ್ನಡದ ಬಗ್ಗೆ ನಿಮಗಿರುವ ಅಳುಕು. “ಆಫ್‌ಸೆಟ್ಟನ್ನು ಐದು ಮೈಕ್ರಾನ್ ಇಳಿಸಿದರೆ ಸಾಕಲ್ಲವೇ?” ಎಂದು ಕೇಳುವವನಿಗೆ ಕನ್ನಡ ಬಾರದು ಎನ್ನುವವರು ಯಂತ್ರದ ಮುಂದೆ ನಿಂತವರಲ್ಲ. ನೀವು ಎಚ್ಚರವಾಗಬೇಕಾದದ್ದು “ಸ್ವಲ್ಪ ವೇರಿಯೇಷನ್ ಇದೆ ಸಾರ್” ಎಂಬಂಥ ಮಾತು ನಿಮ್ಮ ಬಾಯಿಂದ ಬಂದಾಗ. ಎಷ್ಟು ಮೈಕ್ರಾನ್, ಯಾವ ಯಂತ್ರ, ಯಾವ ಪಾಳಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಇಲ್ಲದಿದ್ದರೆ ಅಲ್ಲಿ ಕಾರಣ ಇನ್ನೂ ಸಿಕ್ಕಿಲ್ಲ, ಅದನ್ನು ಯಾವ ಭಾಷೆಯಲ್ಲೂ ಹೇಳಲಾಗದು.

ಬೆರೆಸಬಾರದ ಜಾಗ ಒಂದಿದೆ, ಯಂತ್ರಕ್ಕೆ ಅಂಟಿಸುವ ಸೂಚನಾ ಹಾಳೆ. “ಶಾಫ್ಟು ಪೂರ್ತಿ ಆರಿದ ಮೇಲೆ ಅಳೆಯಿರಿ” ಎಂದು ನೇರ ಕನ್ನಡದಲ್ಲಿರಲಿ. ಕೆಳಗೆ ಅದೇ ಮಾತು ಹಿಂದಿಯಲ್ಲೂ ಇರಲಿ, ಪಾಳಿಯಲ್ಲಿ ಬಿಹಾರ, ಒಡಿಶಾದ ಹುಡುಗರಿದ್ದರೆ ಅವರೂ ಓದಬೇಕಲ್ಲ.

ಬಡ್ತಿಯ ಸಂದರ್ಶನಕ್ಕೆ ಮಾತ್ರ ಇದೆಲ್ಲ ಅಷ್ಟಾಗಿ ಒದಗುವುದಿಲ್ಲ. ಅಲ್ಲಿ ಉಚ್ಚಾರಣೆಯನ್ನೇ ತೂಗುವವರಿದ್ದಾರೆ. ಅದಕ್ಕೆ ಬೇರೆಯೇ ತಯಾರಿ ಮಾಡಿಕೊಳ್ಳಿ, ಬೈದುಕೊಂಡಾದರೂ ಸರಿ. ನಾನೂ ಹಾಗೇ ಮಾಡಿದ್ದು.