ಫ್ಯಾಕ್ಟರ್ ಅನಾಲಿಸಿಸ್: ಎಷ್ಟು ಫ್ಯಾಕ್ಟರ್, ಯಾವ ರೊಟೇಶನ್ ಅಂತ ವಿಧಾನದ ಭಾಗದಲ್ಲಿ ಹೇಗೆ ಬರೆಯೋದು?

ಪ್ರಶ್ನೆ: ಪಿಎಚ್‌ಡಿ ಪ್ರಬಂಧ ಕನ್ನಡದಲ್ಲಿ ಬರೀತಿದ್ದೇನೆ. ಎಕ್ಸ್‌ಪ್ಲೊರೇಟರಿ ಫ್ಯಾಕ್ಟರ್ ಅನಾಲಿಸಿಸ್ ಮಾಡಿದ್ದು ಎಸ್‌ಪಿಎಸ್‌ಎಸ್‌ನಲ್ಲಿ. "ಐಗನ್ ವ್ಯಾಲ್ಯೂ 1ಕ್ಕಿಂತ ಜಾಸ್ತಿ, ವಾರಿಮ್ಯಾಕ್ಸ್, 0.40" ಅಂತ ಒಂದು ಸಾಲು ಬರೆದೆ. "ಯಾಕೆ ಅಂತ ಬರೀರಿ" ಅಂತ ಗೈಡ್ ವಾಪಸ್ ಕೊಟ್ಟಿದ್ದಾರೆ. ಯಾಕೆ ಅಂತ ಏನು ಬರೆಯೋದು?

ಉತ್ತರ:

ಇದೇ ಸಾಲನ್ನು ನಾನೂ ಒಮ್ಮೆ ಬರೆದಿದ್ದೆ, ನನಗೂ ವಾಪಸ್ ಬಂದಿತ್ತು. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ದಿನಾ ಓಡಾಡುವ 260 ಜನರಿಗೆ 16 ಹೇಳಿಕೆ ಕೊಟ್ಟು, ಒಂದರಿಂದ ಐದರವರೆಗೆ ಅಂಕ ಹಾಕಿಸಿದ್ದೆ. ಬಸ್ ಟೈಮಿಗೆ ಬರುತ್ತದಾ, ಕಂಡಕ್ಟರ್ ಹೇಗೆ ಮಾತಾಡುತ್ತಾರೆ, ಡ್ರೈವರ್ ಓವರ್‌ಟೇಕ್ ಮಾಡುವಾಗ ಹೆದರಿಕೆ ಆಗುತ್ತದಾ, ಇಂಥವು. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಎಷ್ಟು ಫ್ಯಾಕ್ಟರ್ ಅನ್ನುವುದು. ಉಳಿದೆಲ್ಲ ಇದರ ಮೇಲೆ ನಿಂತಿರುವುದರಿಂದ ಜಾಸ್ತಿ ಜಾಗ ಇದಕ್ಕೇ ಕೊಡಿ. ನನ್ನ ಮೊದಲ ನಾಲ್ಕು ಐಗನ್ ವ್ಯಾಲ್ಯೂ 5.12, 2.04, 1.61, 1.08. 1ರ ನಿಯಮದ ಪ್ರಕಾರ ನಾಲ್ಕು ಫ್ಯಾಕ್ಟರ್. ನಾಲ್ಕನೆಯದರಲ್ಲಿ ಇದ್ದದ್ದು ಎರಡೇ ಹೇಳಿಕೆ: "ಚಿಲ್ಲರೆ ವಾಪಸ್ ಕೊಡುವುದಿಲ್ಲ", "ಹೇಳಿದ ಸ್ಟಾಪಿನಲ್ಲಿ ನಿಲ್ಲಿಸುವುದಿಲ್ಲ". ನಾನು ಅದಕ್ಕೆ "ಪ್ರಾಮಾಣಿಕತೆ" ಅಂತ ಹೆಸರಿಟ್ಟು, ಅದರ ಬಗ್ಗೆ ಎರಡು ಪುಟ ಬರೆದೂ ಬಿಟ್ಟಿದ್ದೆ!

ಆಮೇಲೆ ನೋಡಿದರೆ, ಇಡೀ ಪ್ರಶ್ನಾವಳಿಯಲ್ಲಿ "ಇಲ್ಲ" ಅಂತ ಮುಗಿಯುವ ಹೇಳಿಕೆಗಳು ಇವೆರಡೇ. ಅಂಕ ತಿರುಗಿಸಿಯೇ ಹಾಕಿದ್ದೆ, ಆದರೂ ಒಂದರ ಪಕ್ಕ ಒಂದು ಬಂದು ಕೂತಿದ್ದವು. ಬಸ್ ಹತ್ತುವ ಗಡಿಬಿಡಿಯಲ್ಲಿ ಫಾರ್ಮ್ ತುಂಬಿದವರು "ಇಲ್ಲ"ವನ್ನು ಗಮನಿಸದೆ ಟಿಕ್ ಹಾಕಿದ್ದರು. ಅಂದರೆ ಆ ಫ್ಯಾಕ್ಟರ್ ಅಳೆದದ್ದು ಕಂಡಕ್ಟರನ್ನಲ್ಲ, ನನ್ನ ವಾಕ್ಯರಚನೆಯನ್ನು.

1ರ ನಿಯಮದ ತೊಂದರೆಯೇ ಇದು. ಒಂದಕ್ಕೊಂದು ಸಂಬಂಧವೇ ಇಲ್ಲದ 16 ಅಂಕಿ-ಸಾಲುಗಳನ್ನು ಕಂಪ್ಯೂಟರಿನಲ್ಲಿ ಸುಮ್ನೆ ಹುಟ್ಟಿಸಿ ನೋಡಿ. ಸ್ಯಾಂಪಲ್ ಸಣ್ಣದು ಅನ್ನುವ ಕಾರಣಕ್ಕೇ ಕೆಲವು ಐಗನ್ ವ್ಯಾಲ್ಯೂ 1 ದಾಟಿರುತ್ತವೆ. ಹಾಗಾಗಿ ಹೋಲಿಸಬೇಕಾದ್ದು 1ರ ಜೊತೆ ಅಲ್ಲ, ಆ ಸುಳ್ಳು ಡೇಟಾದ ಜೊತೆ. 1965ರಲ್ಲಿ ಜಾನ್ ಹಾರ್ನ್ ಎಂಬ ಮನಃಶಾಸ್ತ್ರಜ್ಞ ಹೇಳಿಕೊಟ್ಟ ಪ್ಯಾರಲಲ್ ಅನಾಲಿಸಿಸ್ ಮಾಡುವುದು ಇಷ್ಟೇ. ನಿಮ್ಮಷ್ಟೇ ಜನ, ನಿಮ್ಮಷ್ಟೇ ಹೇಳಿಕೆ ಇರುವ ಸುಳ್ಳು ಡೇಟಾವನ್ನು ನೂರಾರು ಸಲ ಹುಟ್ಟಿಸಿ, ನಿಮ್ಮ ಐಗನ್ ವ್ಯಾಲ್ಯೂ ಅದನ್ನು ಮೀರುತ್ತದಾ ಅಂತ ನೋಡುವುದು. ನನ್ನದರಲ್ಲಿ ಸುಳ್ಳು ಡೇಟಾದ 95ನೇ ಪರ್ಸೆಂಟೈಲ್ 1.53, 1.42, 1.33, 1.26. ಮೊದಲ ಮೂರು ಮೀರಿದವು. ನಾಲ್ಕನೆಯದು 1.26ರ ಎದುರು 1.08, ಬಿತ್ತು. ಮೂರು ಫ್ಯಾಕ್ಟರ್ ಇಟ್ಟು ಮತ್ತೆ ಓಡಿಸಿದಾಗ ಆ ಎರಡು ಹೇಳಿಕೆಗಳು ಕಂಡಕ್ಟರ್ ಫ್ಯಾಕ್ಟರಿಗೇ ಹೋಗಿ ಸೇರಿದವು, ಲೋಡಿಂಗ್ 0.47 ಮತ್ತು 0.43.

ಎಸ್‌ಪಿಎಸ್‌ಎಸ್ ಮೆನುವಿನಲ್ಲಿ ಇದು ಸಿಗದಿದ್ದರೆ ಆರ್ ಬಳಸಿ:

```r
library(psych)
library(GPArotation)
fa.parallel(d, fa = "pc", n.iter = 500)
f <- fa(d, nfactors = 3, fm = "pa", rotate = "oblimin")
f$loadings
f$Phi
```

ಇಲ್ಲಿ `d` ಅಂದರೆ ನಿಮ್ಮ ಡೇಟಾ. `fm = "pa"` ಅನ್ನುವುದು ಪ್ರಿನ್ಸಿಪಲ್ ಆಕ್ಸಿಸ್. ಎಸ್‌ಪಿಎಸ್‌ಎಸ್ ತಾನಾಗಿ ಹಾಕಿಕೊಳ್ಳುವುದು ಪ್ರಿನ್ಸಿಪಲ್ ಕಾಂಪೊನೆಂಟ್ಸ್. ಅದು ಪ್ರತಿ ಹೇಳಿಕೆಯ ಪೂರ್ತಿ ವೇರಿಯನ್ಸನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಹೇಳಿಕೆಗಳ ಹಿಂದೆ ಕಾಣದೆ ಇರುವುದನ್ನು ಹುಡುಕುತ್ತಿದ್ದೇನೆ ಅನ್ನುವವರಿಗೆ ಅದು ಸಲ್ಲ. ನೀವು ಓಡಿಸಿದ್ದು ಯಾವುದು ಅಂತ ಒಮ್ಮೆ ನೋಡಿಕೊಳ್ಳಿ.

ಈಗ ರೊಟೇಶನ್. ಮ್ಯಾಪನ್ನು ಹೇಗೆ ತಿರುಗಿಸಿ ಹಿಡಿದರೂ ಸುರತ್ಕಲ್‌ನಿಂದ ಮೂಲ್ಕಿಗೆ ದೂರ ಅಷ್ಟೇ ತಾನೆ? ಹಾಗೆಯೇ ರೊಟೇಶನ್‌ನಿಂದ ಫ್ಯಾಕ್ಟರ್‌ಗಳು ಒಟ್ಟಾಗಿ ವಿವರಿಸುವ ವೇರಿಯನ್ಸ್ ಬದಲಾಗುವುದಿಲ್ಲ, ಓದಲು ಸುಲಭ ಆಗುತ್ತದೆ. ವಾರಿಮ್ಯಾಕ್ಸ್ ಒಂದು ಷರತ್ತು ಹಾಕುತ್ತದೆ: ಫ್ಯಾಕ್ಟರ್‌ಗಳ ನಡುವೆ ಸಂಬಂಧ ಸೊನ್ನೆ ಇರಬೇಕು. ಬಸ್ಸಿನಲ್ಲಿ ಅದು ನಡೆಯುವ ಮಾತಲ್ಲ. ಟೈಮ್ ಹಿಡಿಯಲು ಡ್ರೈವರ್ ಓಡಿಸುತ್ತಾರೆ, ಕಂಡಕ್ಟರ್ "ಬೇಗ ಇಳೀರಿ" ಅನ್ನುತ್ತಾರೆ. ಟೈಮ್, ನಡತೆ, ಸುರಕ್ಷತೆ ಮೂರೂ ಒಂದಕ್ಕೊಂದು ತಳುಕು ಹಾಕಿಕೊಂಡಿವೆ. ಸಂಬಂಧ ಇದ್ದೂ ಸೊನ್ನೆ ಅಂತ ಒತ್ತಾಯ ಮಾಡಿದರೆ, ಆ ಸಂಬಂಧ ಬೇರೆ ಕಡೆ ನುಸುಳುತ್ತದೆ. ಒಂದೇ ಹೇಳಿಕೆ ಎರಡು ಫ್ಯಾಕ್ಟರ್‌ಗಳ ಮೇಲೆ ಲೋಡ್ ಆಗತೊಡಗುತ್ತದೆ.

ಅದಕ್ಕೆ ಮೊದಲು ಆಬ್ಲಿಮಿನ್ ಹಾಕಿ, ಫ್ಯಾಕ್ಟರ್‌ಗಳ ನಡುವಿನ ಸಂಬಂಧ ನೋಡಿ. ಆರ್‌ನಲ್ಲಿ `Phi` ಅಂದರೆ ಅದೇ. ನನಗೆ 0.46, 0.38, 0.52 ಬಂತು. ಎಲ್ಲವೂ 0.32ರ ಒಳಗೆ ಇದ್ದರೆ, ಅಂದರೆ ಎರಡು ಫ್ಯಾಕ್ಟರ್‌ಗಳು ಹಂಚಿಕೊಳ್ಳುವ ವೇರಿಯನ್ಸ್ ಸುಮಾರು ಶೇಕಡಾ 10ಕ್ಕಿಂತ ಕಡಿಮೆ ಇದ್ದರೆ, ವಾರಿಮ್ಯಾಕ್ಸ್ ಇಟ್ಟುಕೊಳ್ಳಿ. ಆಗ ಗೈಡಿಗೆ ಕೊಡಲು ಕಾರಣವೂ ಸಿಕ್ಕಿತು.

ಆಬ್ಲಿಮಿನ್ ಹಾಕಿದರೆ ಎಸ್‌ಪಿಎಸ್‌ಎಸ್ ಎರಡು ಟೇಬಲ್ ಕೊಡುತ್ತದೆ: ಪ್ಯಾಟರ್ನ್, ಸ್ಟ್ರಕ್ಚರ್. ಸ್ಟ್ರಕ್ಚರ್ ಅಂದರೆ ಹೇಳಿಕೆಗೂ ಫ್ಯಾಕ್ಟರಿಗೂ ಇರುವ ನೇರ ಸಂಬಂಧ. ಪ್ಯಾಟರ್ನ್ ಅಂದರೆ ಉಳಿದ ಫ್ಯಾಕ್ಟರ್‌ಗಳ ಪಾಲು ಕಳೆದ ಮೇಲೆ ಈ ಫ್ಯಾಕ್ಟರಿನದ್ದೇ ಎಷ್ಟು ಅನ್ನುವುದು. ಹೇಳಿಕೆ ಎಲ್ಲಿ ಸೇರುತ್ತದೆ ಅಂತ ನಿರ್ಧರಿಸುವುದು ಪ್ಯಾಟರ್ನ್‌ನಿಂದ. ಸ್ಟ್ರಕ್ಚರ್ ಟೇಬಲ್ ಹಾಕಿ "ಎಲ್ಲವೂ ಎಲ್ಲದರ ಮೇಲೂ ಲೋಡ್ ಆಗಿವೆ" ಅಂತ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಇನ್ನು ಲೋಡಿಂಗಿಗೆ ಹಾಕಿದ ಗೆರೆ. 0.40 ಎನ್ನುವುದು ವಾಡಿಕೆ, ಪರೀಕ್ಷೆ ಅಲ್ಲ. ಆ ಗೆರೆಯ ಜೊತೆ ಇನ್ನೊಂದು ಗೆರೆಯೂ ಬೇಕು: ಎರಡನೇ ಲೋಡಿಂಗಿಗೂ ಮೊದಲನೆಯದಕ್ಕೂ ಎಷ್ಟು ಅಂತರ. "ಬಸ್ ನಿಲ್ಲುವ ಮೊದಲೇ ಇಳಿಯಲು ಅವಸರ ಮಾಡುತ್ತಾರೆ" ಅನ್ನುವ ಹೇಳಿಕೆ ನನಗೆ ನಡತೆಯ ಮೇಲೆ 0.41, ಸುರಕ್ಷತೆಯ ಮೇಲೆ 0.36 ಬಂತು. 0.40ರ ಗೆರೆ ಒಂದೇ ಇದ್ದಿದ್ದರೆ ಪಾಸ್. ಅಂತರ 0.20 ಇರಬೇಕು ಅಂತ ಮೊದಲೇ ಬರೆದಿಟ್ಟಿದ್ದರಿಂದ ಬಿಟ್ಟೆ. ಬಿಟ್ಟ ಮೇಲೆ ಉಳಿದ 15ನ್ನು ಮತ್ತೆ ಓಡಿಸಬೇಕು. ಒಂದಕ್ಕಿಂತ ಜಾಸ್ತಿ ತೆಗೆಯಬೇಕಾದರೆ ಒಂದೊಂದಾಗಿ ತೆಗೆಯಿರಿ, ಒಂದು ಹೋದರೆ ಉಳಿದವುಗಳ ಲೋಡಿಂಗ್ ಅಲ್ಲಾಡುತ್ತದೆ. ಇನ್ನೊಂದು, 0.40ಕ್ಕಿಂತ ಕೆಳಗಿನದನ್ನು ಟೇಬಲ್‌ನಲ್ಲಿ ಮರೆಮಾಡುವ ಟಿಕ್ ತೆಗೆದುಬಿಡಿ. ಅದು ಇದ್ದರೆ ಈ 0.36 ಗೈಡಿಗೆ ಕಾಣುವುದೇ ಇಲ್ಲ.

ಕೊನೆಗೆ ನಾನು ಬರೆದದ್ದು ಹೀಗೆ. ನಿಮ್ಮ ಅಂಕಿ ಹಾಕಿಕೊಳ್ಳಿ:

> ಹೇಳಿಕೆಗಳ ಹಿಂದಿನ ಅವ್ಯಕ್ತ ಅಂಶಗಳನ್ನು ಗುರುತಿಸುವುದು ಉದ್ದೇಶವಾದ್ದರಿಂದ ಪ್ರಿನ್ಸಿಪಲ್ ಆಕ್ಸಿಸ್ ವಿಧಾನವನ್ನು ಬಳಸಲಾಯಿತು. ಫ್ಯಾಕ್ಟರ್‌ಗಳ ಸಂಖ್ಯೆಯನ್ನು ಪ್ಯಾರಲಲ್ ಅನಾಲಿಸಿಸ್‌ನಿಂದ (500 ಆವರ್ತನೆ, 95ನೇ ಪರ್ಸೆಂಟೈಲ್) ನಿರ್ಧರಿಸಲಾಯಿತು; ಮೊದಲ ಮೂರು ಐಗನ್ ವ್ಯಾಲ್ಯೂಗಳು ಮಾತ್ರ ಯಾದೃಚ್ಛಿಕ ಮೌಲ್ಯವನ್ನು ಮೀರಿದವು. ನಾಲ್ಕು ಫ್ಯಾಕ್ಟರ್‌ಗಳ ಮಾದರಿಯನ್ನೂ ಪರಿಶೀಲಿಸಲಾಯಿತು. ನಾಲ್ಕನೆಯದರಲ್ಲಿ ನಿಷೇಧಾರ್ಥಕವಾದ ಎರಡೇ ಹೇಳಿಕೆಗಳಿದ್ದುದರಿಂದ ಕೈಬಿಡಲಾಯಿತು. ಫ್ಯಾಕ್ಟರ್‌ಗಳ ನಡುವೆ ಸಂಬಂಧ ನಿರೀಕ್ಷಿತವಾಗಿದ್ದು (0.38ರಿಂದ 0.52), ಆಬ್ಲಿಮಿನ್ ರೊಟೇಶನ್ ಬಳಸಲಾಯಿತು. ಪ್ಯಾಟರ್ನ್ ಲೋಡಿಂಗ್ ಕನಿಷ್ಠ 0.40, ಎರಡನೆಯ ಲೋಡಿಂಗ್‌ನಿಂದ ಅಂತರ ಕನಿಷ್ಠ 0.20 ಇರುವ ಹೇಳಿಕೆಗಳನ್ನು ಉಳಿಸಿಕೊಳ್ಳಲಾಯಿತು. ಒಂದು ಹೇಳಿಕೆಯನ್ನು ಬಿಟ್ಟು ಉಳಿದ 15 ಹೇಳಿಕೆಗಳ ಮೇಲೆ ವಿಶ್ಲೇಷಣೆಯನ್ನು ಮತ್ತೆ ನಡೆಸಲಾಯಿತು.

ನಾಲ್ಕು ಫ್ಯಾಕ್ಟರ್ ಟೇಬಲನ್ನು ಬಿಸಾಡಬೇಡಿ, ಅನುಬಂಧದಲ್ಲಿ ಹಾಕಿ. ವೈವಾದಲ್ಲಿ ನನಗೆ ಕೇಳಿದ ಮೊದಲ ಪ್ರಶ್ನೆಯೇ "ನಾಲ್ಕು ಯಾಕಲ್ಲ?" ಅಂತ. ಪುಟ ತಿರುಗಿಸಿ ಚಿಲ್ಲರೆಯ ಸಾಲು ತೋರಿಸಿದೆ.