ರಷ್ಯನ್ ಚಾಟ್‌ನ ಒಂಟಿ ಬ್ರಾಕೆಟ್ಟು ಕನ್ನಡದಲ್ಲಿ ಏನಾಗಬೇಕು?

ಪ್ರಶ್ನೆ: ರಷ್ಯನ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಡುವೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಮೊಬೈಲ್‌ನಲ್ಲಿ ಚಾಟ್ ಮಾಡುವ ಪುಟಗಳಿವೆ. ಸಾಲಿನ ಕೊನೆಗೆಲ್ಲ ) ಅಂತ ಬರುತ್ತದೆ, ಕೆಲವು ಕಡೆ ))). ಹಾಗೇ ಬಿಡಲಾ, ಇಮೋಜಿ ಹಾಕಲಾ? хз, мб ತರದ ತುಂಡು ಪದಗಳಿಗೆ ಏನು ಮಾಡೋದು?

ಉತ್ತರ: ಹಾಗೇ ಬಿಟ್ಟರೆ ನಮ್ಮ ಓದುಗರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಅದು ಕಣ್ಣು ಕಳೆದುಕೊಂಡ ನಗುಮುಖ. ಕಂಪ್ಯೂಟರ್‌ನ ರಷ್ಯನ್ ಕೀಲಿಮಣೆಯಲ್ಲಿ ಕೋಲನ್‌ಗೆ Shift ಜೊತೆ 6 ಒತ್ತಬೇಕು, ಬ್ರಾಕೆಟ್‌ಗೆ Shift ಜೊತೆ 0. ಎರಡೆರಡು ಸಲ ಯಾರು ಒತ್ತುತ್ತಾರೆ? ಕಣ್ಣು ಬಿಟ್ಟುಹೋಗಿ ಬಾಯಿ ಮಾತ್ರ ಉಳಿಯಿತು ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಆದರೆ ಒಂಟಿ ) ಇದ್ದರೆ ಆಸಾಮಿ ನಗುತ್ತಿದ್ದಾನೆ ಅಂತಲೇ ಅಲ್ಲ. ‘ಸಿಟ್ಟಿಲ್ಲ, ಸುಮ್ನೆ ಕೇಳ್ದೆ’ ಅನ್ನುವ ಮೆದುತನ ಅಷ್ಟೇ. ))) ಆದರೆ ನಿಜವಾಗಿ ನಗು ಬಂದಿದೆ. ( ಅಂದರೆ ಬೇಜಾರು. ಇಮೋಜಿ ಹಾಕೋದು ನನಗೆ ಇಷ್ಟವಿಲ್ಲ. ರಷ್ಯನ್ನರು ಇಮೋಜಿಯನ್ನೂ ಬಳಸುತ್ತಾರಲ್ಲ, ಕಥೆಯಲ್ಲಿ ಎರಡೂ ಇದ್ದರೆ ನಿಮಗೆ ವ್ಯತ್ಯಾಸ ತೋರಿಸಲು ದಾರಿಯೇ ಇರುವುದಿಲ್ಲ.

ಈ ಮೆದುತನಕ್ಕೆ ಕನ್ನಡದಲ್ಲಿ ಆಗಲೇ ಸಾಮಾನು ಇದೆ: ಕಣೋ, ಕಣೇ, ಏನೋ, ಏನೇ, ಮಾರಾಯ. ಒಂದು ತುಂಡು ಮಾಡಿ ನೋಡೋಣ.

```
— ты завтра придёшь?)
— хз, мб приду))
— ок
— обиделась?((
— нет.
```

ನಾನಾದರೆ ಹೀಗೆ ಬರೆಯುತ್ತೇನೆ:

— ನಾಳೆ ಬರ್ತೀಯೇನೋ?
— ಯಾರಿಗ್ಗೊತ್ತು ಕಣೇ, ಬಂದ್ರೂ ಬಂದೆ ಹಹ
— ಸರಿ
— ಅಯ್ಯೋ ಬೇಜಾರಾಯ್ತೇನೇ
— ಏನಿಲ್ಲ ಬಿಡು.

ಮೊದಲ ಸಾಲಿನ ) ಇಲ್ಲಿ ‘ಏನೋ’ ಆಗಿದೆ. ಎರಡನೆಯದರ )) ‘ಕಣೇ’ಗೂ ‘ಹಹ’ಕ್ಕೂ ಹಂಚಿಹೋಗಿದೆ. ಮೂರನೆಯ ಸಾಲಿಗೆ ಬಂದಾಗ ಹುಡುಗಿ ಬ್ರಾಕೆಟ್ ಹಾಕಿಲ್ಲ. ಹುಡುಗನಿಗೆ ಎದೆ ಧಸಕ್ ಅಂದದ್ದು ಅದಕ್ಕೇ. ಹಾಗಾಗಿ ಅಲ್ಲಿ ‘ಸರಿ ಕಣೋ’ ಅಂದರೆ ಮುಂದಿನ ಪ್ರಶ್ನೆಗೆ ಕಾರಣವೇ ಇರುವುದಿಲ್ಲ. ಕೊನೆಯಲ್ಲಿ ಚುಕ್ಕಿ ಬೇರೆ ಬಿದ್ದಿದೆ. ರಷ್ಯನ್ ಚಾಟ್‌ನಲ್ಲಿ ಒಂದೇ ಪದದ ಮುಂದೆ ಚುಕ್ಕಿ ಇಟ್ಟರೆ ಬಾಗಿಲು ಹಾಕಿಕೊಂಡ ಹಾಗೆ. ಈ ಚುಕ್ಕಿ ನಮ್ಮವರಿಗೂ ಕಾಣಬೇಕಾದರೆ ಉಳಿದ ಸಾಲುಗಳ ಚುಕ್ಕಿ ತೆಗೆದುಬಿಡಿ. ‘нет’ ಅಂದರೆ ಬರೀ ‘ಇಲ್ಲ’ ನಿಜ, ಆದರೆ ಮುನಿಸಿಕೊಂಡ ಕನ್ನಡದ ಹುಡುಗಿ ‘ಏನಿಲ್ಲ ಬಿಡು’ ಅಂತಲೇ ಅನ್ನೋದು, ಅಲ್ವಾ?

ಒಂದು ಎಚ್ಚರ. обиделась ಅನ್ನುವ ಕ್ರಿಯಾಪದದ ರೂಪವೇ ಆಕೆ ಹೆಣ್ಣು ಅಂತ ಹೇಳಿಬಿಡುತ್ತದೆ. ಆದರೆ придёшь, приду ಯಾವುದರಿಂದಲೂ ಹುಡುಗ ಗಂಡು ಅಂತ ಗೊತ್ತಾಗುವುದಿಲ್ಲ. ನಿಮ್ಮ ‘ಏನೋ’ಗೆ ಮೊದಲ ಸಾಲಿನಲ್ಲೇ ಅದು ಗೊತ್ತಿರಬೇಕು. ಆದ್ದರಿಂದ ಇಡೀ ಚಾಟ್ ಒಮ್ಮೆ ಓದಿ, ಯಾರು ಯಾರು ಅಂತ ಗುರುತು ಹಾಕಿಕೊಂಡು ಆಮೇಲೆ ಶುರು ಮಾಡಿ. ಇನ್ನು ಆಫೀಸಿನವರು ಒಬ್ಬರಿಗೊಬ್ಬರು вы, ಅಂದರೆ ‘ನೀವು’, ಅಂತ ಬರೆದೂ ) ಹಾಕುತ್ತಾರೆ. ಅಲ್ಲಿ ಕಣೋ ನಡೆಯುವುದಿಲ್ಲ. ‘ಫೈಲ್ ಕಳ್ಸಿದ್ರಾ ಸರ್’ ಅನ್ನುವಷ್ಟು ಸಡಿಲ ಸಾಕು.

ತುಂಡು ಪದಗಳ ಕಥೆ ಬೇರೆ. ರಷ್ಯನ್ನರು ಸ್ಪಸೀಬ, ಅಂದರೆ ಥ್ಯಾಂಕ್ಸ್, ಅನ್ನುವ спасибо ಪದದ ಸ್ವರಗಳನ್ನೂ ಕೊನೆಯ б ಅನ್ನೂ ಕಿತ್ತು спс ಮಾಡುತ್ತಾರೆ. ನಮ್ಮ ಅಕ್ಷರದ ಒಳಗೇ ಸ್ವರ ಕೂತಿದೆ, ಕಿತ್ತರೆ ಒತ್ತಕ್ಷರದ ರಾಶಿ ಬೀಳುತ್ತದೆ. ಅದಕ್ಕೇ ಕನ್ನಡದಲ್ಲಿ ಆಡುಮಾತಿನ ಹಾಗೆ ಮೊಟಕು ಮಾಡೋದು ಒಳ್ಳೆಯದು. ‘ಏನು ಮಾಡುತ್ತಿದ್ದೀಯ’ ಅನ್ನುವ чд ‘ಏನ್ಮಾಡ್ತಿದ್ಯ’ ಆಗುತ್ತದೆ. мб ಅಂದರೆ ‘ಇರಬಹುದು’. хз ಬಗ್ಗೆ ಸ್ವಲ್ಪ ಜೋಪಾನ: ಅದರ ಹಿಂದೆ ಒಂದು ಬೈಗುಳವಿದೆ. ಮರ್ಯಾದೆಗೆ ಆ ಜಾಗದಲ್ಲಿ хрен, ಅಂದರೆ ಒಂದು ಖಾರದ ಬೇರಿನ ಹೆಸರು, ಹೇಳುತ್ತಾರೆ. ಎರಡಕ್ಷರಕ್ಕೆ ಇಳಿದ ಮೇಲೆ ಖಾರ ಕಡಿಮೆಯಾಗಿದೆ. ಗೆಳೆಯರ ನಡುವೆ ‘ಯಾರಿಗ್ಗೊತ್ತು’, ಪಾತ್ರ ಸ್ವಲ್ಪ ಒರಟಾದರೆ ‘ಯಾವನಿಗ್ಗೊತ್ತು’. ‘ದೇವರೇ ಬಲ್ಲ’ ಅಂದರೆ ಹುಡುಗ ಇದ್ದಕ್ಕಿದ್ದಂತೆ ಅಜ್ಜ ಆಗಿಬಿಡುತ್ತಾನೆ.

ನಾನು ಒಮ್ಮೆ др ಅನ್ನುವುದರಲ್ಲಿ ಎಡವಿದ್ದೆ. ಅಚ್ಚಿನ ಪುಸ್ತಕಗಳಲ್ಲಿ и др. ಅಂದರೆ ‘ಮುಂತಾದವು’. ಚಾಟ್‌ನಲ್ಲಿ ಹುಡುಗನೊಬ್ಬ ‘ಶನಿವಾರ ನನ್ನ др’ ಅಂದಿದ್ದ. ಅದು день рождения, ಹುಟ್ಟುಹಬ್ಬ! ಶನಿವಾರ ಅವನಿಗೆ ಏನೋ ‘ಇತ್ಯಾದಿ’ ಕೆಲಸ ಇದೆ ಅಂತ ಬರೆದು ಕಳಿಸಿದ್ದೆ. ಮುಂದಿನ ಪುಟದಲ್ಲಿ ಎಲ್ಲರೂ ಕೇಕ್ ಹಿಡಿದುಕೊಂಡು ಬಂದಾಗ ಗೊತ್ತಾಯಿತು.

ಕಥೆಯಲ್ಲಿ ಸ್ವಲ್ಪ ವಯಸ್ಸಾದವರು ಇದ್ದರೆ ЗЫ ಕೂಡ ಸಿಗಬಹುದು. ನಿಘಂಟಿನಲ್ಲಿ ಹುಡುಕಬೇಡಿ. ಪತ್ರದ ಕೊನೆಗೆ ಮರೆತ ಮಾತು ಸೇರಿಸುವಾಗ ಹಾಕುವ P.S. ಅದು: ಭಾಷೆ ಬದಲಿಸದೆ P, S ಕೀಲಿ ಒತ್ತಿದರೆ ರಷ್ಯನ್‌ನಲ್ಲಿ ಬೀಳುವ ಅಕ್ಷರಗಳು ಅವು. ‘ವಿ.ಸೂ.’ ಅಂದರೆ ಸರ್ಕಾರಿ ಕಾಗದ ಆಗುತ್ತದೆ. ನಾನು ‘ಹಾಂ, ಮರ್ತಿದ್ದೆ’ ಅಂತ ಹಾಕುತ್ತೇನೆ.