ಪೊರೆ ತೆಗೆಸಿದ ಕಣ್ಣು, ಬಿಡದ ಸಿಗರೇಟು

ಸಂಪಾದಕರಿಗೆ ನಮಸ್ಕಾರ. ನಮ್ಮದು ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ. ಅಪ್ಪನಿಗೆ 68 ವರ್ಷ. ಹರೆಯದಿಂದಲೂ ದಿನಕ್ಕೆ ಒಂದು ಪ್ಯಾಕ್ ಸಿಗರೇಟು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಮೂರು ವರ್ಷದ ಹಿಂದೆ ಕನ್ನಡಕವಿಲ್ಲದೆ ಪೇಪರ್ ಓದುತ್ತೇನೆಂದು ಜಂಬ ಕೊಚ್ಚಿದರು, ಆಮೇಲೆ ಎರಡೂ ಕಣ್ಣು ಮಸುಕಾದವು. ಕಳೆದ ವರ್ಷ ಪೊರೆ ತೆಗೆಸಿದೆವು. ಆದರೂ ಬಲಗಣ್ಣಿನಲ್ಲಿ ಓದುವಾಗ ಅಕ್ಷರಗಳ ನಡುಭಾಗವೇ ಮಾಯ. ಕಣ್ಣಿನ ಹಿಂಬದಿಯಲ್ಲಿ ನಡುನೋಟ ಕೊಡುವ ಮ್ಯಾಕುಲಾ ಸವೆದಿದೆ, ಒಣ ಬಗೆಯದು, ಸಿಗರೇಟು ಬಿಡಿ ಎಂದರು ಡಾಕ್ಟರು. ಆಪರೇಷನ್ ಕೆಟ್ಟಿದೆ ಎನ್ನುತ್ತಾರೆ ಊರವರು. ಹೋದ ಕಣ್ಣು ಹೋಯಿತು, ಇನ್ನು ಬಿಟ್ಟು ಏನು ಲಾಭ ಎನ್ನುತ್ತಾರೆ ಅಪ್ಪ. ಅಣ್ಣ ದುಬೈಯಿಂದ ಕಣ್ಣಿನ ವಿಟಮಿನ್ ಮಾತ್ರೆ ಕಳಿಸಿದ್ದಾನೆ, ಕೊಡಬಹುದೇ? ಈಚೆಗೆ ಎಡಗಣ್ಣಿಗೆ ಬಾಗಿಲಿನ ಚೌಕಟ್ಟು ಸೊಟ್ಟಗೆ ಕಾಣುತ್ತದಂತೆ. ಹಳೆಯ ಮನೆ, ಸೊಟ್ಟಗೇ ಇರಬಹುದು ಎಂದು ನಕ್ಕೆವು.
– ಓದುಗರೊಬ್ಬರು, ಕೊಡಗು

ಸಂಪಾದಕರ ಉತ್ತರ:

ನೀವು ನಕ್ಕು ಬಿಟ್ಟ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಮಿಕ್ಕದ್ದಕ್ಕೆಲ್ಲ ಸಮಯವಿದೆ, ಇದಕ್ಕಿಲ್ಲ. ಮ್ಯಾಕುಲಾ ಸವೆದವರಿಗೆ ನೇರ ಗೆರೆ ಹೊಸದಾಗಿ ಬಾಗಿ ಕಾಣತೊಡಗಿದರೆ, ಒಣ ಬಗೆ ಒದ್ದೆ ಬಗೆಗೆ ತಿರುಗಿದೆಯೇ ಎಂದು ಕೂಡಲೇ ನೋಡಿಸಬೇಕು. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಅಡಿಯಲ್ಲಿ ಬೇಡದ ರಕ್ತನಾಳಗಳು ಹುಟ್ಟಿ, ಅವುಗಳಿಂದ ನೀರು, ರಕ್ತ ಜಿನುಗಿ ಮ್ಯಾಕುಲಾವನ್ನು ಮೇಲಕ್ಕೆ ದಬ್ಬುತ್ತವೆ. ಆ ಉಬ್ಬಿನ ಮೇಲೆ ಬಿದ್ದ ನೇರ ಗೆರೆ ಸೊಟ್ಟಗೆ ಕಾಣುತ್ತದೆ. ಒಣ ಬಗೆ ವರ್ಷಗಟ್ಟಲೆ ತೆವಳುತ್ತದೆ. ಒದ್ದೆಯದು ಕೆಲವೇ ವಾರಗಳಲ್ಲಿ ನಡುನೋಟವನ್ನು ಕಸಿಯಬಲ್ಲದು. ಆದರೆ ನೋಟ ಉಳಿಸುವ ಒಳ್ಳೆಯ ಔಷಧಿ ಇರುವುದೂ ಈ ಒದ್ದೆಯದಕ್ಕೇ. ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ, ಮೊದಮೊದಲು ತಿಂಗಳಿಗೊಂದರಂತೆ. ಬೇಗ ಹೋದವರ ನೋಟ ಬಹುಮಟ್ಟಿಗೆ ಉಳಿಯುತ್ತದೆ. ಅಲ್ಲಿ ಗಾಯದ ಕಲೆ ಕಟ್ಟಿದ ಮೇಲೆ ಹೋದವರಿಗೆ ಹೆಚ್ಚೇನೂ ಸಿಗದು.

ಇವತ್ತೇ ಒಂದು ಪರೀಕ್ಷೆ ಮಾಡಿ. ಮಕ್ಕಳ ಗಣಿತದ ಚೌಕುಳಿ ಪುಸ್ತಕದಿಂದ ಒಂದು ಹಾಳೆ ತೆಗೆದು, ನಡುವೆ ಪೆನ್ನಿನಿಂದ ದಪ್ಪ ಚುಕ್ಕೆ ಇಡಿ. ಅಪ್ಪ ಓದುವ ಕನ್ನಡಕ ಹಾಕಿಕೊಂಡು, ಒಳ್ಳೆಯ ಬೆಳಕಿನಲ್ಲಿ, ಹಾಳೆಯನ್ನು ಒಂದಡಿ ದೂರ ಹಿಡಿಯಲಿ. ಬಲಗಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಎಡಗಣ್ಣಿನಿಂದ ಚುಕ್ಕೆಯನ್ನಷ್ಟೇ ನೋಡಲಿ. ಸುತ್ತಲಿನ ಗೆರೆಗಳು ಅಲೆಯಂತೆ ಬಾಗಿದರೆ ಅಥವಾ ಕೆಲವು ಚೌಕಗಳು ಕಾಣೆಯಾದರೆ ಚೌಕಟ್ಟಿನ ತಪ್ಪಲ್ಲ. ಎರಡೂ ಕಣ್ಣು ತೆರೆದು ನೋಡಿದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ, ಎಷ್ಟೋ ಜನ ತಡವಾಗಿ ಹೋಗುವುದು ಇದರಿಂದಲೇ. ಹಾಗೆಂದು ಹಾಳೆಯಲ್ಲಿ ಗೆರೆ ನೇರವಾಗಿಯೇ ಕಂಡರೂ ನಿಶ್ಚಿಂತರಾಗಬೇಡಿ. ಅಪ್ಪ ಈಗಾಗಲೇ ದೂರು ಹೇಳಿದ್ದಾರೆ, ಅಷ್ಟು ಸಾಕು. ಮಡಿಕೇರಿಯಲ್ಲಿ ನಿಮ್ಮ ಕಣ್ಣಿನ ವೈದ್ಯರಿಗೆ ತೋರಿಸಿ, ರೆಟಿನಾ ತಜ್ಞರು ಬೇಕೆಂದರೆ ಮೈಸೂರಿಗೋ ಮಂಗಳೂರಿಗೋ ಹೊರಡಿ. ಕಾಫಿ ಕೊಯ್ಲು ಮುಗಿಯಲಿ ಎನ್ನಬೇಡಿ.

ಇನ್ನು ಊರವರ ಮಾತು. ನೀವು ಬರೆದಿರುವುದನ್ನು ನೋಡಿದರೆ ಆಪರೇಷನ್ ಕೆಟ್ಟಂತೆ ಕಾಣುವುದಿಲ್ಲ. ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರದಲ್ಲಿ, ಮ್ಯಾಕುಲಾ ಇರುವುದು ಹಿಂಬದಿಯ ರೆಟಿನಾದ ನಡುವಿನಲ್ಲಿ. ಕಿಟಕಿಯ ಗಾಜು ಒರೆಸಿದರೆ ಒಳಗಿನ ಗೋಡೆಗೆ ಹಿಡಿದ ಬೂಷ್ಟು ಹೋಗುವುದಿಲ್ಲ, ಚೆನ್ನಾಗಿ ಕಾಣುತ್ತದೆ ಅಷ್ಟೆ. ಪೊರೆ ದಟ್ಟವಾಗಿದ್ದಾಗ ವೈದ್ಯರಿಗೂ ಹಿಂದಿನ ಮ್ಯಾಕುಲಾ ಸ್ಪಷ್ಟವಾಗಿ ಕಾಣದಿರಬಹುದು. ಅಪ್ಪನಿಗಂತೂ ಮಸುಕೆಲ್ಲ ಪೊರೆಯದೇ ಅನ್ನಿಸಿರುತ್ತದೆ.

ಕನ್ನಡಕವಿಲ್ಲದೆ ಪೇಪರ್ ಓದಿದ ಆ ಜಂಬದ ದಿನಗಳು ನನಗೆ ಕುತೂಹಲ ಹುಟ್ಟಿಸಿದವು. ಅದು ಕಣ್ಣು ಸುಧಾರಿಸಿದ್ದಲ್ಲ. ಮಸೂರದ ತಿರುಳು ಗಟ್ಟಿಯಾಗಿ ಹಳದಿಗೆ ತಿರುಗುವ ಬಗೆಯ ಪೊರೆಯಲ್ಲಿ ಮಸೂರದ ಶಕ್ತಿ ಬದಲಾಗಿ, ಕೆಲವು ಕಾಲ ಹತ್ತಿರದ ಅಕ್ಷರ ಬರಿಗಣ್ಣಿಗೇ ಕಾಣುತ್ತದೆ. ಸಿಗರೇಟಿನ ಜೊತೆ ಅತಿ ಗಟ್ಟಿಯಾದ ನಂಟು ಕಂಡುಬಂದಿರುವುದು ಈ ತಿರುಳಿನ ಪೊರೆಗೇ. ಸೇದುವವರಿಗೆ ಪೊರೆ ಬರುವ ಸಂಭವ ಸೇದದವರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ತಂಬಾಕಿನ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಎಂಬ ಲೋಹವನ್ನು ಹೀರಿಕೊಳ್ಳುತ್ತದೆ. ಹೊಗೆಯೊಡನೆ ರಕ್ತಕ್ಕೆ ಸೇರಿದ ಅದು ಮಸೂರದಲ್ಲಿ ಶೇಖರವಾಗುತ್ತದೆ. ಮಸೂರದ ಪ್ರೋಟೀನನ್ನು ಕಾಯುವ ವಸ್ತುಗಳನ್ನು ಹೊಗೆ ಬರಿದು ಮಾಡುತ್ತದೆ, ಕಾವಲಿಲ್ಲದ ಪ್ರೋಟೀನು ಗಂಟುಗಟ್ಟಿ ಮಸುಕಾಗುತ್ತದೆ. ಸೇದದವರಿಗೂ ಪೊರೆ ಬರುತ್ತದೆ, ನಿಜ. ವಯಸ್ಸು, ಸಕ್ಕರೆ ಕಾಯಿಲೆ, ಸ್ಟೀರಾಯ್ಡ್, ಬಿಸಿಲು ಎಲ್ಲವೂ ಪಾಲುದಾರರೇ. ಆದರೆ ಪೊರೆಯನ್ನು ತೆಗೆದು ಕೃತಕ ಮಸೂರ ಕೂರಿಸಬಹುದು.

ಮ್ಯಾಕುಲಾವನ್ನು ಹಾಗೆ ಬದಲಿಸಲು ಬರುವುದಿಲ್ಲ. ಅಲ್ಲಿ ಸೇದುವವರ ಅಪಾಯವೂ ಹೆಚ್ಚು, ಎರಡರಿಂದ ನಾಲ್ಕು ಪಟ್ಟು. ಜಾಗ ಚಿಕ್ಕದಾದರೂ ಅದಕ್ಕೆ ಆಮ್ಲಜನಕ ವಿಪರೀತ ಬೇಕು, ಮೇಲೆ ಸದಾ ಬೆಳಕು ಬೀಳುತ್ತಿರುತ್ತದೆ. ಅದನ್ನು ಕಾಯುವ ಹಳದಿ ವರ್ಣದ್ರವ್ಯ ಸೇದುವವರಲ್ಲಿ ಕಡಿಮೆ. ಅದರ ಅಡಿಯ ರಕ್ತನಾಳಗಳನ್ನೂ ಹೊಗೆ ಹಾಳು ಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ ಸಿಗರೇಟು ಪ್ಯಾಕಿನ ಮೇಲೆ ಕಣ್ಣಿನ ಚಿತ್ರ ಹಾಕಿ, ಸೇದಿದರೆ ಕುರುಡು ಎಂದು ಮುದ್ರಿಸಿದ್ದುಂಟು. ನಮ್ಮಲ್ಲಿ ಬಾಯಿ, ಗಂಟಲಿನ ಚಿತ್ರವನ್ನೇ ನೋಡಿ ನೋಡಿ ಕಣ್ಣಿನ ಸುದ್ದಿ ಯಾರಿಗೂ ತಲುಪಿಲ್ಲ.

ಅಪ್ಪನ ಲೆಕ್ಕಕ್ಕೆ ಬರೋಣ. ಸೇದುವುದನ್ನು ಬಿಟ್ಟ ಮೇಲೆ ಮ್ಯಾಕುಲಾದ ಅಪಾಯ ವರ್ಷವರ್ಷ ಇಳಿಯುತ್ತಾ, ಸುಮಾರು 20 ವರ್ಷಕ್ಕೆ ಸೇದದವರ ಮಟ್ಟಕ್ಕೆ ಹತ್ತಿರವಾಗುತ್ತದೆ. 68ಕ್ಕೆ 20 ಸೇರಿಸಿ ಅವರು ನಗಬಹುದು. ನಗಲಿ. ಬಲಗಣ್ಣಿನಲ್ಲಿ ಸತ್ತ ಕೋಶಗಳು ಮರಳುವುದಿಲ್ಲ ಎಂಬುದೂ ಸರಿ. ಆದರೆ ಇಲ್ಲಿ ಪ್ರಶ್ನೆ ಎಡಗಣ್ಣಿನದು. ಒಂದು ಕಣ್ಣಿನಲ್ಲಿ ಕಾಯಿಲೆ ಮುಂದುವರಿದವರಿಗೆ ಇನ್ನೊಂದಕ್ಕೂ ಅಪಾಯ ಜಾಸ್ತಿ, ಸೇದುತ್ತಲೇ ಇದ್ದರೆ ಇನ್ನೂ ಜಾಸ್ತಿ. ಪೇಪರ್ ಓದುವುದು, ಮಾತ್ರೆಯ ಹೆಸರು ನೋಡುವುದು, ಎದುರು ಬಂದವರ ಮುಖ ಗುರುತಿಸುವುದು, ಎಲ್ಲವೂ ಈಗ ಆ ಒಂದು ಕಣ್ಣಿನ ಮೇಲೆ ನಿಂತಿದೆ. ವಾದ ಮಾಡುವ ಬದಲು ಅವರ ಬಲಗಣ್ಣಿನ ಅನುಭವವನ್ನೇ ನೆನಪಿಸಿ. ಬಿಡಲು ನೆರವು ಬೇಕಾದರೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ.

ಕೊನೆಗೆ ಅಣ್ಣನ ಮಾತ್ರೆ. ಬಾಟಲಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಅದರಲ್ಲಿ ಬೀಟಾ ಕ್ಯಾರೊಟಿನ್ ಇದ್ದರೆ ಅಪ್ಪನಿಗೆ ಕೊಡಬೇಡಿ. ಸೇದುವವರು ಈ ಮಾತ್ರೆ ನುಂಗಿದರೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗುತ್ತದೆ ಎಂದು 1994ರಲ್ಲೇ ಫಿನ್ಲೆಂಡಿನ ಅಧ್ಯಯನ ತೋರಿಸಿತ್ತು. ಮ್ಯಾಕುಲಾಕ್ಕೆಂದು ಮೊದಲು ರೂಪಿಸಿದ ಸೂತ್ರದಲ್ಲಿ ಅದೂ ಇತ್ತು. 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯ ಬಳಿಕ ಅದನ್ನು ಕೈಬಿಟ್ಟು, 10 ಮಿಲಿಗ್ರಾಂ ಲ್ಯೂಟಿನ್ ಮತ್ತು 2 ಮಿಲಿಗ್ರಾಂ ಝಿಯಾಕ್ಸಾಂಥಿನ್ ಸೇರಿಸಿದರು. ಆ ಪರೀಕ್ಷೆಯಲ್ಲಿ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಹಿಂದೆ ಸೇದಿ ಬಿಟ್ಟವರು. ಹಾಗಾಗಿ ಅಪ್ಪ ನಾಳೆಯೇ ಬಿಟ್ಟರೂ ಈ ನಿಷೇಧ ಉಳಿಯುತ್ತದೆ. ಊಟದ ಕ್ಯಾರೆಟ್, ಸೊಪ್ಪಿಗೆ ಇದು ಅನ್ವಯಿಸದು, ಮಾತು ಮಾತ್ರೆಯದು. ಹೊಸ ಸೂತ್ರದ ಮಾತ್ರೆ ಕೂಡ ಹೋದ ನೋಟವನ್ನು ತರುವುದಿಲ್ಲ, ಪೊರೆಯನ್ನೂ ತಡೆಯುವುದಿಲ್ಲ. ಮಧ್ಯಮ ಹಂತದಲ್ಲಿರುವವರಿಗೆ ಮತ್ತು ಒಂದು ಕಣ್ಣಿನಲ್ಲಿ ಕಾಯಿಲೆ ಬಲಿತವರಿಗೆ ಅದರ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ. ಅಪ್ಪ ಆ ಗುಂಪಿಗೆ ಸೇರುತ್ತಾರೆಯೇ ಎಂದು ರೆಟಿನಾ ತಜ್ಞರೇ ಹೇಳಲಿ. ಹೋಗುವಾಗ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.